108ರ ವೀರರಿಗೆ, ಹಿಂದಿನ ಸಾಲಿನಿಂದ

ಮಾನ್ಯರೇ,

ನಿಮ್ಮ ಹೊಸ ಚಾಪೆಯ ವಾಸನೆ ಇನ್ನೂ ಹೋಗಿಲ್ಲ, ಆಗಲೇ ಬರುವ ರಥಸಪ್ತಮಿಗೆ 108 ಸೂರ್ಯನಮಸ್ಕಾರ ಹಾಕುವುದಾಗಿ ಪಾರ್ಕಿನ ವಾಟ್ಸಾಪ್ ಗ್ರೂಪಿನಲ್ಲಿ ಘೋಷಿಸಿದ್ದೀರಿ. ಅಭಿನಂದನೆಗಳು. ನಾನು ನಿಮ್ಮ ಹಿಂದಿನ ಸಾಲಿನವಳು. ಮೇಷ್ಟ್ರಿಗೆ ನಿಮ್ಮ ಮುಖ ಕಾಣುತ್ತದೆ, ಅದರಲ್ಲಿ ಭಕ್ತಿಗೇನೂ ಕೊರತೆಯಿಲ್ಲ. ಮಿಕ್ಕಿದ್ದೆಲ್ಲ ನನಗೆ ಕಾಣುತ್ತದೆ. ಅದಕ್ಕೇ ಈ ಪತ್ರ.

ಮೊದಲು ನಿಮ್ಮ ವೇಗಕ್ಕೆ ನಮಸ್ಕಾರ. ನಾವು ಕೆಳಗಿಳಿಯುವಷ್ಟರಲ್ಲಿ ನೀವು ಎದ್ದು ಕೈಮುಗಿದು ನಿಂತಿರುತ್ತೀರಿ. ಉಸಿರಿನಲ್ಲೂ ಭಾರೀ ಉಳಿತಾಯ. ಎದೆ ತೆರೆದು ಹಿಂದಕ್ಕೆ ಬಾಗುವಾಗ ಉಸಿರು ಒಳಗೆ, ಹೊಟ್ಟೆ ಮಡಚಿ ಮುಂದಕ್ಕೆ ಬಗ್ಗುವಾಗ ಹೊರಗೆ, ಅಷ್ಟಾಂಗ ನಮಸ್ಕಾರದಲ್ಲಿ ಮಾತ್ರ ಒಂದು ಕ್ಷಣ ತಡೆ ಎಂದು ಮೇಷ್ಟ್ರು ದಿನಾ ಹೇಳುತ್ತಾರೆ. ನೀವು ಆ ತಡೆಯನ್ನು ಪ್ರಣಾಮಾಸನದಲ್ಲೇ ಶುರುಮಾಡಿ ಕೊನೆಯ ಕೈಮುಗಿತದವರೆಗೂ ಕಾಪಾಡಿಕೊಂಡು ಬರುತ್ತೀರಿ. ಆಮೇಲೆ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಒಟ್ಟಿಗೆ ಉಸಿರಾಡುವುದು ನಮಗೂ ಕೇಳಿಸುತ್ತದೆ.

ಇದು ಸಾವಿರಾರು ವರ್ಷಗಳ ವಿದ್ಯೆ, ಇದರಲ್ಲಿ ತಪ್ಪಾಗುವುದೇ ಇಲ್ಲ ಎಂದು ಮೊನ್ನೆ ಅಪ್ಪಣೆ ಕೊಡಿಸಿದಿರಿ. ಸೂರ್ಯನಿಗೆ ಅಡ್ಡಬೀಳುವುದು ಹಳೆಯದೇ ಇರಬಹುದು. ಆದರೆ ಇವತ್ತು ನಾವು ಮಾಡುವ ಈ ಕಸರತ್ತಿನ ಸರಣಿ ಮನೆಮನೆಗೆ ಬಂದದ್ದು ಕಳೆದ ಶತಮಾನದಲ್ಲಿ; ಔಂಧ್ ಸಂಸ್ಥಾನದ ರಾಜರು ಅದಕ್ಕೆ ಬಹಳ ಪ್ರಚಾರ ಕೊಟ್ಟರು. ನಮ್ಮ ಬೆಂಗಳೂರಲ್ಲೇ ಕೆ.ವಿ. ಅಯ್ಯರ್, ಹೌದು, ‘ಶಾಂತಲಾ’ ಬರೆದವರೇ, ತಮ್ಮ ವ್ಯಾಯಾಮಶಾಲೆಯಲ್ಲಿ ಅದನ್ನು ಕಲಿಸಿ ಅದರ ಮೇಲೆ ಪುಸ್ತಕವನ್ನೂ ಬರೆದರು. ಮೈಕಟ್ಟಿನ ಲೆಕ್ಕ ಬಲ್ಲ ಮನುಷ್ಯ. ನಿಮ್ಮ ಅಷ್ಟಾಂಗ ನಮಸ್ಕಾರವನ್ನು ಅವರು ನೋಡಬೇಕಿತ್ತು.

ನೋಡಿದವಳು ನಾನಾದ್ದರಿಂದ ಅದನ್ನು ವರ್ಣಿಸುವ ಭಾಗ್ಯವೂ ನನ್ನದೇ. ಕಾಲು ಹಿಂದಕ್ಕೆ ಚಾಚಿ, ಕೈಗಳ ಮೇಲೆ ಹಲಗೆಯಂತೆ ನಿಲ್ಲುವ ಹಂತದಲ್ಲಿ ನಿಮ್ಮ ಹೊಟ್ಟೆ ಚಾಪೆಯ ಕಡೆಗೆ ಜೋತುಬೀಳುತ್ತದೆ, ಸೊಂಟ ಒಳಕ್ಕೆ ಕುಸಿಯುತ್ತದೆ. ಅಲ್ಲಿಂದ ಇಳಿಯುವುದು ಎಂಬುದೇ ಇಲ್ಲ, ಧೊಪ್ಪನೆ ಬೀಳುವುದು. ಬೀಳುವಾಗ ಮೊಣಕೈಗಳು ಎರಡೂ ಕಡೆ ಅಗಲವಾಗಿ ಚಾಚಿಕೊಳ್ಳುತ್ತವೆ, ಹೆಗಲು ಮೊಣಕೈಗಿಂತ ಕೆಳಗೆ ಇಳಿದುಹೋಗುತ್ತದೆ. ಆಗ ಮೈಯ ಭಾರವನ್ನು ಎದೆ ಮತ್ತು ತೋಳಿನ ಸ್ನಾಯುಗಳು ಹಿಡಿಯುವುದಿಲ್ಲ. ಹೆಗಲ ಕೀಲಿನ ಮುಂಭಾಗಕ್ಕೆ ಆ ಭಾರವೆಲ್ಲ ಬಂದು ಕೂರುತ್ತದೆ. ಹೋದ ವಾರ ಶರ್ಟಿನ ತೋಳಿಗೆ ಕೈ ಹಾಕುವಾಗ ಬಲ ಹೆಗಲು ಚುಳುಕ್ ಎಂದಿತೆಂದೂ ಅದು ಚಳಿಯಿಂದ ಎಂದೂ ಹೇಳುತ್ತಿದ್ದಿರಲ್ಲ, ಆ ಚಳಿ ನಿಮ್ಮ ಚಾಪೆಯ ಮೇಲೆ ಮಾತ್ರ ಹೇಗೆ ಬಿತ್ತು ಎಂದು ಯೋಚಿಸಿದೆ.

ಅಷ್ಟಾಂಗ ಎಂದರೆ ಎಂಟು ಅಂಗ: ಎರಡು ಪಾದ, ಎರಡು ಮೊಣಕಾಲು, ಎರಡು ಅಂಗೈ, ಎದೆ, ಗದ್ದ. ಹೊಟ್ಟೆ ಆ ಪಟ್ಟಿಯಲ್ಲಿಲ್ಲ. ನಿಮ್ಮದು ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ನಮಸ್ಕರಿಸುತ್ತದೆ. ಮೊದಲು ಮೊಣಕಾಲು ನೆಲಕ್ಕೆ, ಅಲ್ಲಿಂದ ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡು ಎದೆ, ಕೊನೆಗೆ ಗದ್ದ. ಸೊಂಟ ಮೇಲೇ ಇರಬೇಕು. ಎದೆ ಮುಟ್ಟುವ ಜಾಗ ಎರಡು ಅಂಗೈಗಳ ನಡುವೆ, ಅವುಗಳಿಗಿಂತ ಮುಂದೆ ಅಲ್ಲ. ಮೊಣಕಾಲು ಊರಿ ಇಳಿಯುವುದು ಹೆಂಗಸರ ಮಕ್ಕಳ ಪದ್ಧತಿ ಎಂದು ನಿಮ್ಮ ಅಭಿಪ್ರಾಯ. ಇರಲಿ, ಹಾಗಾದರೆ ಮೊಣಕಾಲು ಊರದೆ, ಮುಂಗೈ ನೆಟ್ಟಗಿಟ್ಟು, ಹೆಗಲು ಮೊಣಕೈಯ ಮಟ್ಟಕ್ಕೆ ಬಂದಲ್ಲಿ ಒಂದು ಪೂರ್ತಿ ಉಸಿರಿನಷ್ಟು ಹೊತ್ತು ನಿಂತು ತೋರಿಸಿ. ನಿಂತರೆ ನಾಳೆಯಿಂದ ನಿಮ್ಮ ಇಷ್ಟ. ತೋಳು ನಡುಗಿ ಹೊಟ್ಟೆ ಜೋತರೆ ಮೊಣಕಾಲು ಊರಿ.

ಇನ್ನು ನಿಮ್ಮ ಭುಜಂಗಾಸನ, ನಿಮ್ಮ ಪ್ರೊಫೈಲ್ ಫೋಟೊದಲ್ಲಿರುವುದು. ತೋಳು ಪೂರ್ತಿ ನೆಟ್ಟಗೆ, ಹೆಗಲು ಕಿವಿಗೆ ಅಂಟಿಕೊಂಡು, ತಲೆ ಆಕಾಶಕ್ಕೆ. ಮೇಲೆದ್ದಿರುವುದು ನಿಜ, ಎತ್ತಿದ್ದು ಮಾತ್ರ ಬೆನ್ನಲ್ಲ, ತೋಳು. ಕುರ್ಚಿಯಲ್ಲಿ ಕೂತು ಕೂತು ಬಿಗಿದ ಮೇಲ್ಬೆನ್ನು ಅಲ್ಲಾಡುವುದೇ ಇಲ್ಲ, ಕೆಳಬೆನ್ನು ಮೊದಲೇ ಸಡಿಲ. ಹಾಗಾಗಿ ತೋಳು ತಳ್ಳಿದಷ್ಟೂ ಬಾಗು ಅದೇ ಒಂದೆರಡು ಕೀಲುಗಳಲ್ಲಿ ಮಡಚಿಕೊಳ್ಳುತ್ತದೆ. ಸಂಜೆ ಸ್ಕೂಟರಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ನಿಲ್ಲುವ ಆಸನ ಅದರ ಮುಂದುವರಿದ ಭಾಗ.

ಇದನ್ನು ಪರೀಕ್ಷಿಸಲು ಮೇಷ್ಟ್ರೂ ಬೇಡ, ನಾನೂ ಬೇಡ. ಭುಜಂಗಾಸನದಲ್ಲಿ ಇದ್ದ ಹಾಗೆಯೇ ಅಂಗೈಗಳನ್ನು ನೆಲದಿಂದ ಒಂದಿಂಚು ಎತ್ತಿ. ಎದೆ ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ ಅಷ್ಟೇ ಸದ್ಯಕ್ಕೆ ನಿಮ್ಮ ಭುಜಂಗಾಸನ. ಧೊಪ್ಪನೆ ಬಿದ್ದರೆ ಬಿದ್ದಷ್ಟು ತೋಳಿನ ಸಾಲ. ಹೆಗಲನ್ನು ಕಿವಿಯಿಂದ ದೂರ ಇಳಿಸಿ, ಮೊಣಕೈ ಸ್ವಲ್ಪ ಮಡಚಿ, ಪಾದದ ಮೇಲ್ಭಾಗವನ್ನು ನೆಲಕ್ಕೆ ಒತ್ತಿ, ಎದೆಯ ಮೂಳೆಯನ್ನು ಮುಂದಕ್ಕೆ ಎಳೆಯಿರಿ. ಎತ್ತರ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಫೋಟೊ ಚೆನ್ನಾಗಿ ಬರುವುದಿಲ್ಲ, ಅದೊಂದೇ ನಷ್ಟ.

ಪರ್ವತಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗಿಸಲು ಹಲ್ಲು ಕಚ್ಚುತ್ತೀರಿ. ತಾಗಿಸಲೆಂದೇ ಪಾದಗಳನ್ನು ಕೈಯ ಹತ್ತಿರಕ್ಕೆ ಕದ್ದು ತರುತ್ತೀರಿ, ಬೆನ್ನು ಗೂನಾಗುತ್ತದೆ. ಹಿಮ್ಮಡಿ ಮೇಲಿರಲಿ, ಮೊಣಕಾಲು ಸ್ವಲ್ಪ ಬಗ್ಗಲಿ, ಬೆನ್ನು ಉದ್ದವಾಗಲಿ. ಪಾದಹಸ್ತಾಸನಕ್ಕೂ ಇದೇ ಮಾತು: ತೊಡೆಯ ಹಿಂಭಾಗ ಬಿಗಿಯಿದ್ದವರು ಮೊಣಕಾಲು ಲಾಕ್ ಮಾಡಿ ಬಗ್ಗಿದರೆ ತೊಡೆಸಂದು ಮಡಚುವುದಿಲ್ಲ, ಬೆನ್ನೇ ಮಡಚುತ್ತದೆ. ಹೊಟ್ಟೆ ತೊಡೆಗೆ ತಾಗುವವರೆಗೆ ಮೊಣಕಾಲು ಬಗ್ಗಿಸಿಕೊಳ್ಳಿ. ಡಿಸ್ಕ್ ತೊಂದರೆ, ಗ್ಲಾಕೋಮಾ, ಹತೋಟಿಗೆ ಬಾರದ ಬಿ.ಪಿ. ಇದ್ದವರು ಡಾಕ್ಟರನ್ನು ಕೇಳದೆ ಹೀಗೆ ತಲೆ ಕೆಳಗೆ ಮಾಡುವುದೇ ಬೇಡ. ನಿಮ್ಮ ಮಾತ್ರೆ ಡಬ್ಬಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು ಎಂದು ಕೇಳುತ್ತೀರಿ. ನೀವು ಫಾರ್ವರ್ಡ್ ಮಾಡಿದ ಪಟ್ಟಿಯಲ್ಲಿ ಥೈರಾಯ್ಡಿನಿಂದ ಜ್ಞಾಪಕಶಕ್ತಿಯವರೆಗೆ ಎಲ್ಲವೂ ಇತ್ತು. ಅಷ್ಟು ದೂರ ನಾನು ಬರಲಾರೆ. ಹತ್ತಿರದ್ದನ್ನು ಹೇಳುತ್ತೇನೆ. ದಿನವಿಡೀ ಕುರ್ಚಿಯಲ್ಲಿದ್ದವರಿಗೆ ತೊಡೆಸಂದಿನ ಮುಂಭಾಗ ಗಿಡ್ಡವಾಗಿರುತ್ತದೆ. ಅಶ್ವ ಸಂಚಲನಾಸನದಲ್ಲಿ ಹಿಂದೆ ಚಾಚಿದ ಕಾಲು ಅದನ್ನೇ ಬಿಡಿಸುತ್ತದೆ, ಮುಂದಿನ ಮೊಣಕಾಲು ಹಿಮ್ಮಡಿಯ ನೇರಕ್ಕೆ ನಿಂತಿದ್ದರೆ. ವಾಕಿಂಗಿನಲ್ಲಿ ಕೈಗೆ ಕೆಲಸವಿಲ್ಲ, ಇಲ್ಲಿ ಮಣಿಕಟ್ಟು ಮತ್ತು ಹೆಗಲು ಮೈಭಾರ ಹೊರುವುದನ್ನು ಕಲಿಯುತ್ತವೆ. ಬೆನ್ನು ಒಂದೇ ಸುತ್ತಿನಲ್ಲಿ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಾಗುತ್ತದೆ. ಬಿಡದೆ ಕೆಲವು ಸುತ್ತು ಹಾಕಿದರೆ ಎದೆಬಡಿತ ಏರುತ್ತದೆ, ಮೈ ಬೆವರುತ್ತದೆ. ಇವೆಲ್ಲ ನಿಧಾನವಾಗಿ ಹಾಕಿದ ಆರು ನಮಸ್ಕಾರಕ್ಕೂ ಸಿಗುತ್ತವೆ. ನಿಮ್ಮ 108ಕ್ಕೆ ಸಿಗುವುದು 108 ಸಲ ಅದೇ ಹೆಗಲಿನ ಮೇಲೆ ಅದೇ ಬೀಳು.

ಆದರೂ ಘೋಷಣೆ ಹಿಂತೆಗೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಒಂದು ಕೆಲಸ ಮಾಡಿ. ನಾಳೆ ನಿಮ್ಮ ಮಗನಿಗೆ ಹೇಳಿ ಮೊದಲನೆಯ ನಮಸ್ಕಾರದಿಂದ ಇಪ್ಪತ್ತನೆಯದರವರೆಗೆ ಪಕ್ಕದಲ್ಲಿ ನಿಂತು ವಿಡಿಯೊ ಮಾಡಿಸಿ. ಹೊಟ್ಟೆ ಮೊದಲ ಸಲ ಎಲ್ಲಿ ಜೋತಿತೋ ಆ ಸಂಖ್ಯೆಗೆ ನಿಲ್ಲಿಸಿ. ಎದುರಿನಿಂದ ತೆಗೆಸಿದ್ದು ಸ್ಟೇಟಸ್‌ಗೆ ಇರಲಿ, ಅದರಲ್ಲಿ ಹೇಗೂ ಭಕ್ತಿ ಮಾತ್ರ ಕಾಣುವುದು.

ಇಂತಿ,
ನಿಮ್ಮ ಹಿಂದಿನ ಚಾಪೆಯವಳು