ಒಂದು ರೂಪಾಯಿಯೂ ಉಳಿಯದ ಪವಾಡ

ನಮ್ಮ ಧರ್ಮಾರ್ಥ ಟ್ರಸ್ಟ್‌ಗಳಲ್ಲಿ ಪ್ರತಿ ಮಾರ್ಚ್ 31ರಂದು ಒಂದು ಪವಾಡ ನಡೆಯುತ್ತದೆ. ಹಳ್ಳಿ ಶಾಲೆಗಳ ಪ್ರಯೋಗಾಲಯಕ್ಕೆಂದು ಕಂಪನಿಯೊಂದು 12,00,000 ರೂಪಾಯಿ ಕೊಟ್ಟಿರುತ್ತದೆ. ಗಾಜಿನ ಸಾಮಾನಿನ ದರ ಏರಿರುತ್ತದೆ, ಬಡಗಿ ಕೈಕೊಟ್ಟಿರುತ್ತಾನೆ, ಮಳೆಗೆ ಕೆಲಸ ನಿಂತಿರುತ್ತದೆ. ಆದರೂ ಬಳಕೆ ಪ್ರಮಾಣಪತ್ರದಲ್ಲಿ ಖರ್ಚು ಸರಿಯಾಗಿ 12,00,000. ಉಳಿಕೆ ಸೊನ್ನೆ. ಮನೆಯ ಗೃಹಪ್ರವೇಶಕ್ಕೂ ಇಷ್ಟು ಕರಾರುವಾಕ್ಕಾಗಿ ಖರ್ಚು ಮಾಡಿದವರನ್ನು ನಾನು ಕಂಡಿಲ್ಲ.

ಈ ಪವಾಡಕ್ಕೆ ಈಗ ಇಆರ್‌ಪಿಯ ಅನುಗ್ರಹವೂ ಸೇರಿದೆ. ಒಂದು ಟ್ರಸ್ಟ್ ಇದೆ ಎಂದುಕೊಳ್ಳಿ. ಅದಕ್ಕಿರುವುದು ಎರಡೇ ನಿಧಿ: ಪ್ರಯೋಗಾಲಯದ್ದು ಒಂದು, ವಿದ್ಯಾರ್ಥಿನಿಲಯದ್ದು ಇನ್ನೊಂದು. ಪ್ರಯೋಗಾಲಯಕ್ಕೆ ನಿಜವಾಗಿ ಖರ್ಚಾದದ್ದು 7,40,000. ಹಾಗಾದರೆ 4,60,000 ಬ್ಯಾಂಕಿನಲ್ಲಿ ಇರಬೇಕು. ಇರುವುದು 90,000 ಮಾತ್ರ. ವಿದ್ಯಾರ್ಥಿನಿಲಯದ ಸರ್ಕಾರಿ ಅನುದಾನ ತಡವಾಯಿತು, ಅಡುಗೆಯವರ ಸಂಬಳ, ಅಕ್ಕಿ-ಬೇಳೆ, ಕರೆಂಟ್ ಬಿಲ್ಲು ಎಂದು 3,70,000 ಅತ್ತ ಹರಿದುಹೋಯಿತು.

ಇದು ತಂತ್ರಾಂಶಕ್ಕೆ ಗೊತ್ತಾಗಲಿಲ್ಲವೇ? ಗೊತ್ತಾಗದಂತೆ ನಾವೇ ನೋಡಿಕೊಂಡಿದ್ದೇವೆ. ಇಆರ್‌ಪಿನೆಕ್ಸ್ಟ್‌ನಂಥ ತಂತ್ರಾಂಶದಲ್ಲಿ ಪ್ರತಿ ನಮೂದಿಗೂ ನಿಧಿಯ ಹೆಸರು ಅಂಟಿಸಬಹುದು. ಅದನ್ನು ಆದಾಯ-ಖರ್ಚಿನ ಖಾತೆಗಳಿಗೆ ಕಡ್ಡಾಯ ಮಾಡಲು ಒಂದು ಟಿಕ್, ಬ್ಯಾಂಕು-ಬಾಕಿಯ ಖಾತೆಗಳಿಗೆ ಇನ್ನೊಂದು. ಈ ಎರಡನೆಯ `Mandatory For Balance Sheet` ಟಿಕ್ಕನ್ನು ಹಾಕಲು ಯಾರಿಗೂ ಕೈ ಬರುವುದಿಲ್ಲ. ಖರ್ಚಿಗೆ ಹೆಸರಿದ್ದರೆ ಹಣ ಎಲ್ಲಿ ಹೋಯಿತೆಂದು ತಿಳಿಯುತ್ತದೆ. ಬ್ಯಾಂಕಿಗೂ ಹೆಸರಿದ್ದರೆ ಹೋದದ್ದು ಯಾರ ಹಣವೆಂದೂ ತಿಳಿದುಬಿಡುತ್ತದಲ್ಲ!

ಆ ಟಿಕ್ ಇದ್ದಿದ್ದರೆ ನಿಧಿವಾರು ಆಸ್ತಿ-ಹೊಣೆ ಪಟ್ಟಿ ಹೀಗೆ ಹೇಳುತ್ತಿತ್ತು: ಪ್ರಯೋಗಾಲಯ 4,60,000, ವಿದ್ಯಾರ್ಥಿನಿಲಯ ಮೈನಸ್ 3,70,000, ಒಟ್ಟು 90,000. ಬ್ಯಾಂಕಿನಲ್ಲಿರುವುದೂ ಅಷ್ಟೇ. ಒಟ್ಟು ಮೊತ್ತ ತಾಳೆಯಾಗುತ್ತದೆ, ಹಾಗಾಗಿ ಒಟ್ಟನ್ನಷ್ಟೇ ನೋಡುವ ಟ್ರಸ್ಟಿಗಳು ಸಭೆ ಮುಗಿಸಿ ಕಾಫಿಗೆ ಏಳುತ್ತಾರೆ. ಆ ಮೈನಸ್ಸು ಕಾಣುವುದು ನಿಧಿವಾರು ಬಿಡಿಸಿದಾಗ ಮಾತ್ರ.

ಮುಂದಿನ ಅಂಕ ಏಪ್ರಿಲ್‌ನಲ್ಲಿ. ದಾನಿಗೆ ವರದಿ ಕಳಿಸಬೇಕು.

“ಸಾರ್, ನಾಲ್ಕು ಲಕ್ಷದ ಅರವತ್ತು ಸಾವಿರ ಉಳಿದಿದೆ ಅಂತ ಬರೆಯಲಾ?” ಎನ್ನುತ್ತಾನೆ ಲೆಕ್ಕಿಗ.

“ಉಳಿದಿದೆ ಅಂದ್ರೆ ಎಲ್ಲಿದೆ ಅಂತ ಕೇಳ್ತಾರಪ್ಪ” ಎನ್ನುತ್ತಾರೆ ಕಾರ್ಯದರ್ಶಿಗಳು.

ಒಂದು ಜರ್ನಲ್ ನಮೂದು ಬೀಳುತ್ತದೆ. ವಿದ್ಯಾರ್ಥಿನಿಲಯದ 4,60,000 ಖರ್ಚು ಪ್ರಯೋಗಾಲಯದ ಹೆಸರಿಗೆ ವರ್ಗ. ಅಡುಗೆಯವರು ವಿಜ್ಞಾನಿಗಳಾಗುತ್ತಾರೆ, ತೊಗರಿಬೇಳೆ ರಾಸಾಯನಿಕವಾಗುತ್ತದೆ. ಪ್ರಯೋಗಾಲಯದ ಉಳಿಕೆ ಸೊನ್ನೆ. ಮೈನಸ್‌ನಲ್ಲಿದ್ದ ವಿದ್ಯಾರ್ಥಿನಿಲಯ ರಾತ್ರೋರಾತ್ರಿ 90,000 ಉಳಿತಾಯ ಮಾಡಿದ ಮಾದರಿ ಸಂಸ್ಥೆ! ಕೆಲ ತಿಂಗಳ ಮೇಲೆ ಸರ್ಕಾರಿ ಅನುದಾನ ಬಂದಾಗ ಅವೇ ಅಡುಗೆಯವರ ಸಂಬಳದ ಚೀಟಿಗಳು ಅಲ್ಲಿಯ ಪ್ರಮಾಣಪತ್ರಕ್ಕೂ ಏರುತ್ತವೆ. ಒಂದೇ ಸಂಬಳ, ಇಬ್ಬರು ದಾನಿಗಳು.

ಹಿಡಿಯುವುದು ಕಷ್ಟವೇನಲ್ಲ. ತಂತ್ರಾಂಶ ಎರಡು ತಾರೀಖುಗಳನ್ನು ನೆನಪಿಡುತ್ತದೆ: ಲೆಕ್ಕಕ್ಕೆ ಸೇರಿಸಿದ ತಾರೀಖು, ನಮೂದು ನಿಜವಾಗಿ ಹುಟ್ಟಿದ ತಾರೀಖು. ಲೆಕ್ಕದಲ್ಲಿ ಮಾರ್ಚ್ 31, ಹುಟ್ಟಿದ್ದು ಏಪ್ರಿಲ್ 20 ಎಂದಿರುವ, ಒಂದು ನಿಧಿಯಿಂದ ಇನ್ನೊಂದಕ್ಕೆ ಖರ್ಚು ಹೊರಿಸುವ ಜರ್ನಲ್‌ಗಳನ್ನು ಸೋಸಿ ನೋಡಿದರೆ ಸಾಕು. ಜೊತೆಗೆ ಒಂದೇ ವೋಚರ್ ಸಂಖ್ಯೆ ಎರಡು ವರದಿಗಳಲ್ಲಿ ಇದೆಯೇ ಎಂದು ಹುಡುಕಬೇಕು.

ಪ್ರಾಮಾಣಿಕ ದಾರಿ ಇದಕ್ಕಿಂತ ಸುಲಭ. ಷರತ್ತಿನ ಅನುದಾನ ಬಂದ ದಿನ ಅದು ಆದಾಯವಲ್ಲ, ಹೊಣೆ. ಖರ್ಚಾದಷ್ಟನ್ನೇ ತಿಂಗಳು ತಿಂಗಳು ಆದಾಯಕ್ಕೆ ತಂದರೆ ಹೊಣೆಯಲ್ಲಿ ಉಳಿದದ್ದೇ ದಾನಿಯ ಬಾಕಿ. ಇನ್ನೊಂದು ನಿಧಿಗೆ ತುರ್ತು ಬಂದರೆ ದಾನಿಯ ಲಿಖಿತ ಒಪ್ಪಿಗೆ ಪಡೆದು, ಕೊಟ್ಟವರ ಕಡೆ ಬರಬೇಕಾದದ್ದು, ಪಡೆದವರ ಕಡೆ ಕೊಡಬೇಕಾದದ್ದು ಎಂದು 3,70,000 ಬರೆಯಬಹುದು. ಖರ್ಚು ಮಾತ್ರ ತನ್ನ ಜಾಗದಲ್ಲೇ ಇರಬೇಕು.

ಹಣ ಉಳಿಯುವುದು ಅಪರಾಧವೂ ಅಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಹಿಂದಿನ ಉಳಿಕೆಗೆ, ಅದರ ಬಡ್ಡಿಗೆ, ವರ್ಷಾಂತ್ಯದ ಉಳಿಕೆಗೆ ಬೇರೆ ಬೇರೆ ಅಂಕಣಗಳೇ ಇವೆ. ಸರ್ಕಾರಕ್ಕೇ ನಾಚಿಕೆಯಿಲ್ಲದ ಅಂಕಣವನ್ನು ಬರೆಯಲು ಟ್ರಸ್ಟಿಗೇಕೆ ನಾಚಿಕೆ?

ದಾನಿಗಳಲ್ಲಿ ಒಂದು ವಿನಂತಿ. ಬಣ್ಣದ ಫೋಟೊಗಳ ವರದಿ ಪಕ್ಕಕ್ಕಿಡಿ. ಮಾರ್ಚ್ 31ರ ನಿಧಿವಾರು ಉಳಿಕೆಯ ಪಟ್ಟಿ ಮತ್ತು ಅದೇ ದಿನದ ಬ್ಯಾಂಕ್, ಠೇವಣಿ ಬಾಕಿ, ಇವೆರಡನ್ನು ಒಂದೇ ಹಾಳೆಯಲ್ಲಿ ಕೇಳಿ. ಕೊಡಲು ತಡವರಿಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.