ಮೂವತ್ತು ದಿನದವರ ಜೊತೆ ಅರ್ಧ ಗಂಟೆ

ವಾದಿ ಅದಾಯ್ ವೃತ್ತದ ಹತ್ತಿರ, ಬೋಳು ಗುಡ್ಡಗಳ ಬುಡದಲ್ಲಿ ಒಂದು ಚಹಾದಂಗಡಿ. ಶುಕ್ರವಾರ ಸಂಜೆ ಅಲ್ಲಿ ಕರಕ್ ಚಹಾ ಹೀರುತ್ತ ಕೂತಿದ್ದವರು ಶ್ರೀ ವಾರ್ಷಿಕ ರಜೆಯವರು. ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿರುವ ದಂಪತಿಗೆ ಅವರು ವರ್ಷಕ್ಕೊಮ್ಮೆ ಮಂಜೂರಾಗುತ್ತಾರೆ. ಗಂಡ ಗದಗಿನವನು, ಹೆಂಡತಿ ಪುತ್ತೂರಿನವಳು, ಇಬ್ಬರೂ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾರೆ. 2025ರ ಸವಾರಿ ಮುಗಿಸಿ ಬಂದಿದ್ದ ರಜೆಯವರಲ್ಲಿ ಆಯಾಸ ಇನ್ನೂ ಇಳಿದಿರಲಿಲ್ಲ.

ತಮ್ಮ ಪರಿಚಯ?

ಒಮಾನಿನ ಕಾರ್ಮಿಕ ಕಾಯ್ದೆಯ ಪ್ರಕಾರ ನಾನು ಕನಿಷ್ಠ 30 ದಿನ, ಸಂಬಳಸಹಿತ. ನನ್ನನ್ನು ಕೊಡುವವರು ಇಲ್ಲಿಯವರು, ತಿನ್ನುವವರು ಅಲ್ಲಿಯವರು. ಇಲ್ಲಿ ಇಡಿಯಾಗಿ ವಿಮಾನ ಹತ್ತುತ್ತೇನೆ. ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ, ಅಂದರೆ ಮೂರು ಗಂಟೆಯೊಳಗೆ, ನನ್ನನ್ನು ಎರಡು ಹೋಳು ಮಾಡುವ ವಿಚಾರ ಮೂರು ಸಲ ಆಗಿರುತ್ತದೆ.

ಹಬ್ಬಕ್ಕೆ ಊರಿಗೆ ಹೋಗುತ್ತೀರಿ ಅಂತ ಕೇಳಿದ್ದೆವು.

ಯಾವ ಹಬ್ಬಕ್ಕೆ ಸ್ವಾಮಿ? ನಾನು ಹೊರಡುವುದು ಇಲ್ಲಿನ ಇಂಡಿಯನ್ ಸ್ಕೂಲುಗಳಿಗೆ ಬೇಸಿಗೆ ರಜೆ ಬಿಟ್ಟಾಗ. ಜೂನಿನಲ್ಲಿ ಮುಚ್ಚುತ್ತವೆ, ಆಗಸ್ಟ್ ಮೊದಲಿಗೆ ತೆರೆಯುತ್ತವೆ. ಈ ಸಲ ಗೌರಿ ಬಂದಿದ್ದು ಆಗಸ್ಟ್ 26ಕ್ಕೆ, ಗಣಪ ಮರುದಿನ. ದಂಪತಿಯ ಮಗು ಆಗ ಇಲ್ಲಿ ಶಾಲೆಯ ಬಸ್ಸಿನಲ್ಲಿತ್ತು. ದೀಪಾವಳಿ ಅಕ್ಟೋಬರಿನಲ್ಲಿ. ನನ್ನ ಪಾಲಿಗೆ ಸಿಕ್ಕುವುದು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಳೆ ಉಂಟು.

ಇದರಿಂದ ಕೆಟ್ಟಿದ್ದು ಏನು ಗೊತ್ತೇ? ನಮ್ಮ ಕಡೆ ಹಿಂದೆಲ್ಲ ಯಾರೂ ದಿನ ಹಂಚುತ್ತಿರಲಿಲ್ಲ, ಹಬ್ಬ ಹಂಚುತ್ತಿದ್ದರು. ಗೌರಿಗೆ ತವರಿನಿಂದ ಬಾಗಿನ, ಮರುದಿನದ ಗಣಪ ಗಂಡನ ಮನೆಯಲ್ಲಿ. ಉತ್ತರ ಕರ್ನಾಟಕದಲ್ಲಿ ಪಂಚಮಿ ಬಂತೆಂದರೆ ಅಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕು, ಆಕೆ ಜೋಕಾಲಿ ಆಡಬೇಕು. ತುಳುನಾಡಿನಲ್ಲಿ ಹೊಸ ಮದುಮಗಳು ಆಟಿ ತಿಂಗಳಿಗೆ ತಾಯಿಮನೆಗೆ ಬಂದು ಕೂರಬೇಕು. ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಯಲ್ಲಿ. ಯಾವುದು ಯಾರದು ಎಂದು ಪಂಚಾಂಗವೇ ಹೇಳಿಬಿಡುತ್ತಿತ್ತು. ಸೊಸೆ ಬಾಯಿಬಿಟ್ಟು ಕೇಳಬೇಕಿರಲಿಲ್ಲ, ಅತ್ತೆ ಉದಾರತನ ತೋರಿಸಬೇಕಿರಲಿಲ್ಲ. ಹಂಚಿಕೆ ಸಮ ಇತ್ತು ಎನ್ನಲಾರೆ, ಆದರೆ ಚೌಕಾಸಿ ಇರಲಿಲ್ಲ. ಈಗ ಆ ಹಬ್ಬಗಳೆಲ್ಲ ನನ್ನ ಹೊರಗೆ ಬಿದ್ದವು. ಉಳಿದದ್ದು ಬರೀ ತಾರೀಖು. ತಾರೀಖನ್ನು ಎಣಿಸದೆ ಏನು ಮಾಡುತ್ತಾರೆ?

ಎಣಿಸಿದರೆ ಸುಲಭವಲ್ಲವೇ? 15 ಅಲ್ಲಿ, 15 ಇಲ್ಲಿ.

(ನಕ್ಕು ಚಹಾ ಚೆಲ್ಲಿಕೊಳ್ಳುತ್ತಾರೆ.) ಈ ವರ್ಷದ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಜುಲೈ 3ಕ್ಕೆ ಹೊರಟೆವು, ಆಗಸ್ಟ್ 1ಕ್ಕೆ ವಾಪಸ್. ಇಳಿದದ್ದು ಮಂಗಳೂರಿನಲ್ಲಿ, ಪುತ್ತೂರು ಪಕ್ಕದಲ್ಲೇ. ಆದರೆ ಸೊಸೆ ಮೊದಲು ಗಂಡನ ಮನೆಯ ಹೊಸ್ತಿಲು ತುಳಿಯಬೇಕಂತೆ. ಹಾಗಾಗಿ ಆ ರಾತ್ರಿ ಪುತ್ತೂರಿನಲ್ಲಿ ಮಲಗಿದ್ದನ್ನು ಯಾರೂ ಭೇಟಿ ಎಂದು ಕರೆಯಲಿಲ್ಲ, ಬಸ್ಸಿಗೆ ಕಾಯುವುದು ಎಂದರು. 4ರ ರಾತ್ರಿ ಬಸ್ಸು ಹತ್ತಿ 5ಕ್ಕೆ ಗದಗ, 15ರವರೆಗೆ ಅಲ್ಲೇ. 16ರಿಂದ 25 ಪುತ್ತೂರು. 26ರಿಂದ 30 ಮತ್ತೆ ಗದಗ. 31ಕ್ಕೆ ಪುತ್ತೂರಿಗೆ ಬಂದು ಪೆಟ್ಟಿಗೆ ಕಟ್ಟಿ, ಮರುದಿನ ವಿಮಾನ.

ಗಂಡ ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಬರೆದ: ಗದಗ 16, ಪುತ್ತೂರು 12. ದೊಡ್ಡ ವ್ಯತ್ಯಾಸವಲ್ಲ ಎಂದ. ಹೆಂಡತಿ ಪೆನ್ನು ತೆಗೆದುಕೊಂಡಳು. 4ನೇ ತಾರೀಖು ಬಸ್ಸಿನ ದಾರಿ ನೋಡಿದ್ದು. 16 ರಾತ್ರಿಯಿಡೀ ಘಾಟಿ ಇಳಿದು ಬಂದು ಮಲಗಿದ್ದು. 31 ಪ್ಯಾಕಿಂಗ್. ಹಲ್ಲಿನ ಡಾಕ್ಟರು, ಬ್ಯಾಂಕು, ಆಧಾರ್ ತಿದ್ದುಪಡಿ, ಇವೆಲ್ಲ ಮಂಗಳೂರಿನಲ್ಲೇ ಆಗಬೇಕು, ಅಂದರೆ ತವರಿನ ಖಾತೆಯಿಂದ ಇನ್ನೆರಡು. ಅಲ್ಲಿಗೆ 12 ಹೋಗಿ 7 ಆಯಿತು. ಗದಗಿನ 16ರಲ್ಲಿ ಬಸ್ಸಿಳಿದು ಮಲಗಿದ ಎರಡು ದಿನ ಕಳೆದರೆ 14. ಒಂದಕ್ಕೆ ಎರಡು! ವಿಮಾನ ನಿಲ್ದಾಣ ಯಾರ ಮನೆ ಹತ್ತಿರವೋ ಅವರಿಗೆ ಲಾಭ ಎಂದು ಎಲ್ಲರೂ ತಿಳಿದಿದ್ದಾರೆ. ಆ ಮನೆಗೆ ಸಿಗುವುದು ನನ್ನ ಚಿಲ್ಲರೆ ದಿನಗಳು. ಬಂದ ದಿನ, ಹೋಗುವ ದಿನ, ಬ್ಯಾಂಕಿನ ದಿನ.

ಹಾಗಾದರೆ ಆ ಚಿಲ್ಲರೆ ದಿನಗಳನ್ನು ಇಬ್ಬರ ಜಂಟಿ ಖಾತೆಗೆ ಹಾಕಿದರೆ?

ಹಾಕಬಹುದು, ಮುಂದಿನ ವರ್ಷ ಹಾಗೇ ಮಾಡುತ್ತಾರಂತೆ. ಆದರೆ ನಿಜವಾದ ಕಳ್ಳ ಲೆಕ್ಕ ಇರುವುದು ಬೇರೆ ಕಡೆ. 15–15 ಅಂತಲೇ ಇಟ್ಟುಕೊಳ್ಳಿ. ಗದಗಿನಲ್ಲಿ ಗಂಡ ಮಗ. ಪುತ್ತೂರಿನಲ್ಲಿ ಅಳಿಯ. ಎರಡೂ ಕಡೆ ಅವನ ತಟ್ಟೆಗೆ ಬಡಿಸುವವರು ಬೇರೆಯವರೇ. ನಾನು ಅವನಿಗೆ 30 ದಿನ. ಹೆಂಡತಿ ಪುತ್ತೂರಿನಲ್ಲಿ ಮಗಳು, ಗದಗಿನಲ್ಲಿ ಸೊಸೆ. ಆರು ಗಂಟೆಗೆ ಎದ್ದು, ಬಂದುಹೋಗುವ ನೆಂಟರಿಗೆಲ್ಲ ಚಹಾ ಮಾಡಿ, "ಒಮಾನಿನಾಗ ಎಲ್ಲಾ ಹೋಟೆಲ್ ಊಟಾನ ಏನು?" ಅನ್ನುವ ಪ್ರಶ್ನೆಗೆ ನಗಬೇಕು. ನಾನು ಅವಳಿಗೆ 15 ದಿನ ಮಾತ್ರ. ಉಳಿದ 15 ದಿನ ಡ್ಯೂಟಿ ಬದಲಾವಣೆ. ಕಾಯ್ದೆ ಇಬ್ಬರಿಗೂ ನನ್ನನ್ನು ಪೂರ್ತಿ ಕೊಟ್ಟಿದೆ. ಅವಳ ಅರ್ಧ ಎಲ್ಲಿ ಹೋಯಿತು ಎಂದು ಯಾವ ಸಚಿವಾಲಯಕ್ಕೆ ದೂರು ಕೊಡೋಣ?

ಈ ವರ್ಷ ಪಂಚಮಿಯಾದರೂ ನಿಮ್ಮೊಳಗೆ ಬಿತ್ತಲ್ಲ!

ಬಿತ್ತು, ಜುಲೈ 29. ಬೀಳದಿದ್ದರೆ ಚೆನ್ನಾಗಿತ್ತು. ಮೊದಲು ಜುಲೈ 24ರ ಅಮಾವಾಸ್ಯೆಯ ಮೇಲೆ ಜಗಳ. ಪುತ್ತೂರಿಗೆ ಅದು ಆಟಿ ಅಮಾವಾಸ್ಯೆ. ಬೆಳಗಿನ ಜಾವ ಹಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯಬೇಕು. ಗದಗಿಗೆ ಅದೇ ದಿನ ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದಪೂಜೆ ಮಾಡುವ ದಿನ. ಅದು ಪುತ್ತೂರಿಗೆ ಬಿತ್ತು. ಆತ ಪಾದಪೂಜೆ ಕೇಳಲಿಲ್ಲ, ಕಷಾಯ ಕುಡಿದ. ಒಳ್ಳೆಯ ಹುಡುಗ.

ಪಂಚಮಿಗೆ ಮಾತ್ರ ಗದಗಿನಿಂದ ಫೋನು: "ನಿಮ್ಮಕ್ಕ ಬರಾಕತ್ತಾಳ. ಅಕ್ಕ ತವರಿಗೆ ಬಂದಾಗ ತಮ್ಮ ಇರದಿದ್ರ ಹೆಂಗ?" ನ್ಯಾಯವಾದ ಮಾತು. ಆದರೆ ತಮ್ಮ ಬಂದರೆ ತಮ್ಮನ ಹೆಂಡತಿಯೂ ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಬೇಕು. ಹೆಣ್ಣುಮಕ್ಕಳನ್ನು ತವರಿಗೆ ಕರೆಸಲೆಂದೇ ಇರುವ ಹಬ್ಬ ಸ್ವಾಮಿ ಅದು! ಒಬ್ಬ ಹೆಣ್ಣುಮಗಳ ಜೋಕಾಲಿಗೆ ಹಗ್ಗ ಕಟ್ಟುವುದಕ್ಕೆ ಇನ್ನೊಬ್ಬಳನ್ನು ಅವಳ ತವರಿನಿಂದ ಐದು ದಿನ ಮುಂಚೆ ಎಬ್ಬಿಸಿದರು. ಗಂಡನ ಅಕ್ಕ ಒಳ್ಳೆಯವಳು, "ನೀನೂ ಕೂಡು" ಎಂದು ಜೋಕಾಲಿ ಬಿಟ್ಟುಕೊಟ್ಟಳು. ಎಷ್ಟು ಹೊತ್ತು? ಒಲೆಯ ಮೇಲೆ ಪಾಕ ಏರುವವರೆಗೆ.

ಪುತ್ತೂರಿನವರು ಏನೂ ಅನ್ನಲಿಲ್ಲವೇ?

ಅನ್ನದೇ ಇರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ನಮ್ಮದೇನಿಲ್ಲ ಮಗಾ, ನೀವು ಅಲ್ಲಿಗೇ ಹೋಗಿ. ನಾವು ಇಬ್ಬರು ಹೇಗೂ ಇದ್ದೇವೆ." ಇಷ್ಟೇ. ಗದಗಿನವರು ಬಾಯಿಬಿಟ್ಟು ಕೇಳುತ್ತಾರೆ, ಮುಗಿಯಿತು. ಪುತ್ತೂರಿನ ಈ ಮಾತಿನ ಬಡ್ಡಿಯನ್ನು ಮಾತ್ರ ವಾದಿ ಅದಾಯ್‌ನಲ್ಲಿ ಡಿಸೆಂಬರಿನವರೆಗೆ ಕಟ್ಟಬೇಕು.

ಈದ್ ರಜೆ ನಿಮ್ಮ ತಮ್ಮನಂತೆ. ಅವನಿಂದ ಸಹಾಯ ಇಲ್ಲವೇ?

ಅವನು ಚಂಚಲ. ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾನೆ. ನಮ್ಮ ಹಬ್ಬಗಳನ್ನು ಅಧಿಕ ಮಾಸ ಹಿಡಿದು ನಿಲ್ಲಿಸುತ್ತದೆ, ಅವನನ್ನು ಹಿಡಿಯುವವರಿಲ್ಲ. ಹಾಗೆ ಜಾರುತ್ತ ಜಾರುತ್ತ 2025ರಲ್ಲಿ ನೇರ ಯುಗಾದಿಗೇ ಬಂದು ಡಿಕ್ಕಿ ಹೊಡೆದ. ಮಾರ್ಚ್ 30, ಭಾನುವಾರ ಯುಗಾದಿ. ಪುತ್ತೂರಿನವರಿಗೆ ಹೊಸ ವರ್ಷ ಏಪ್ರಿಲಿನ ವಿಷುವಿಗೆ, ಅವರ ತಕರಾರಿಲ್ಲ. ಯುಗಾದಿಗೆ ಗದಗ, ಬದಲಿಗೆ ಜುಲೈಯಲ್ಲಿ ಪುತ್ತೂರಿಗೆ ಒಂದು ವಾರ ಹೆಚ್ಚು. ಎಂಥ ಸೊಗಸಾದ ಒಪ್ಪಂದ!

ಆದರೆ ಸರ್ಕಾರ ಹೇಳಿದ್ದೇನು? ಭಾನುವಾರವೇ ಈದ್ ಆದರೆ ಮಂಗಳವಾರ, ಏಪ್ರಿಲ್ 1ರವರೆಗೆ ರಜೆ. ಸೋಮವಾರ ಆದರೆ ಗುರುವಾರ, 3ರವರೆಗೆ. ಅದರ ಹಿಂದೆಯೇ ಶುಕ್ರ, ಶನಿ. ಬುಧವಾರ ಡ್ಯೂಟಿಗೆ ಬರಬೇಕೋ ಮುಂದಿನ ಭಾನುವಾರವೋ ಎನ್ನುವುದು ಶನಿವಾರ ಸಂಜೆ ಚಂದ್ರ ಕಾಣುವುದರ ಮೇಲೆ ನಿಂತಿತ್ತು. ಗದಗಿನಲ್ಲಿ ಯುಗಾದಿಯ ಚಂದ್ರ ನೋಡಲು ಹೋಗಬೇಕೆಂದರೆ ಮೊದಲು ಇಲ್ಲಿ ಈದಿನ ಚಂದ್ರ ನೋಡಬೇಕು. ಒಬ್ಬನೇ ಚಂದ್ರ! ವಾಪಸ್ ಟಿಕೆಟ್ ಯಾವ ದಿನಕ್ಕೆ ತೆಗೆಯುವುದು? ಒಮಾನಿನಲ್ಲಿ ಈದ್ ಸೋಮವಾರ ಎಂದು ಗೊತ್ತಾಗುವ ಹೊತ್ತಿಗೆ ಟಿಕೆಟ್ ಬೆಲೆ ಚಂದ್ರನ ಹತ್ತಿರ ಹೋಗಿತ್ತು. ಇಲ್ಲೇ ರಸ್ತೆ ಬದಿಯ ಬೇವಿನ ಮರದಿಂದ ಎಲೆ ಕಿತ್ತು ಬೇವು-ಬೆಲ್ಲ ತಿಂದರು. ಬೇವಿಗೆ ಮಸ್ಕತ್ತಿನಲ್ಲಿ ಬರವಿಲ್ಲ. ಜುಲೈ ಬಂದಾಗ ಆ ಒಂದು ವಾರದ ಮಾತು ಯಾರಿಗೂ ನೆನಪಿರಲಿಲ್ಲ, ಅವಳೊಬ್ಬಳಿಗೆ ಬಿಟ್ಟು.

ಹೆತ್ತವರನ್ನೇ ಇಲ್ಲಿಗೆ ಕರೆಸಿಕೊಳ್ಳಬಹುದಲ್ಲ?

ಕರೆಸುತ್ತಾರೆ, ವಿಸಿಟ್ ವೀಸಾದಲ್ಲಿ. ಚಳಿಗಾಲದಲ್ಲಿ ಯಾರು, ಬಿಸಿಲಲ್ಲಿ ಯಾರು ಎಂಬ ಪ್ರಶ್ನೆ ಬೇರೆಯೇ ಸಂದರ್ಶನ ಕೇಳುತ್ತದೆ.

ಮುಂದಿನ ವರ್ಷ ಏನು ಮಾಡುತ್ತಾರಂತೆ?

ಹೊಸ ಚೀಟಿ ಅಂಟಿಸಿದ್ದಾರೆ. ಮೊದಲ ಹತ್ತು ದಿನ ಇಬ್ಬರೂ ಬೇರೆ ಬೇರೆ. ಅವನು ಗದಗಿಗೆ ಒಬ್ಬನೇ, ಅವಳು ಮಗುವಿನೊಂದಿಗೆ ಪುತ್ತೂರಿಗೆ. ಆಮೇಲೆ ಅವಳು ಗದಗಿಗೆ ಬರುತ್ತಾಳೆ, ಒಟ್ಟಿಗೆ ಒಂದು ವಾರ. ಮತ್ತೆ ಒಟ್ಟಿಗೆ ಪುತ್ತೂರಿನಲ್ಲಿ ಒಂದು ವಾರ. ಉಳಿದದ್ದು ಬಸ್ಸು, ಬ್ಯಾಂಕು, ಹಲ್ಲು, ಜ್ವರಗಳಿಗೆ ಜಂಟಿ ಖಾತೆ. ಎರಡೂ ಮನೆಯಲ್ಲಿ ಯಾರಿಗಾದರೂ ಆಸ್ಪತ್ರೆಯಾದರೆ ಚೀಟಿ ಹರಿದು ಹಾಕಬೇಕು ಎಂದು ಕೆಳಗೆ ಬರೆದಿದ್ದಾರೆ. ನನಗಂತೂ ಇಷ್ಟವಾಯಿತು. ಮೊದಲ ಸಲ ಇಬ್ಬರಿಗೂ ನಾನು ರಜೆಯಾಗಿಯೇ ಸಿಗುತ್ತೇನೆ. ಗಂಡ ಒಂದು ಮಾತು ಹೇಳಿದ: ಅಮ್ಮ ಸೊಸೆಗೆ, ಮೊಮ್ಮಗುವಿಗೆ ಮೊದಲು ಬಡಿಸುತ್ತಾಳೆ, ನನ್ನ ಜೊತೆ ಕೂತು ಮಾತಾಡಿ ವರ್ಷಗಳಾದವು.

ಮನೆಯವರು ಒಪ್ಪಿದರೇ?

ಮನೆಯವರು ಒಪ್ಪಿದರು. ಓಣಿಯವರು ಒಪ್ಪಬೇಕಲ್ಲ! ಸೊಸೆ ಇಲ್ಲದೆ ಮಗ ಒಬ್ಬನೇ ಬಸ್ಸಿಳಿದರೆ ಗದಗಿನಲ್ಲಿ "ಯಾಕ, ಜಗಳಾ ಆಡ್ಯಾರೇನು?" ಪುತ್ತೂರಿನಲ್ಲಿ "ಗಂಡ ಬರ್ಲಿಲ್ವಾ? ಎಂತ ಸಮಾಚಾರ?" ಅದಕ್ಕೆ ಅವನ ಪೆಟ್ಟಿಗೆಯ ಮೇಲೆ ಅವಳ ಎರಡು ಸೀರೆ ಕಾಣುವಂತೆ ಇಟ್ಟು ಕಳಿಸುವ ಯೋಚನೆಯಿದೆ.

ಹಾಗಾದರೆ 2026ರಲ್ಲಿ ಜಗಳವಿಲ್ಲ.

ಪಂಚಮಿಯ ಜಗಳವಂತೂ ಇಲ್ಲ. ಅಧಿಕ ಜ್ಯೇಷ್ಠ ಬರುವುದರಿಂದ ಪಂಚಮಿ ಆಗಸ್ಟ್ 17ಕ್ಕೆ ಹೋಗುತ್ತದೆ, ನಾನು ಅಷ್ಟರಲ್ಲಿ ಮುಗಿದಿರುತ್ತೇನೆ. ಇದನ್ನು ಗಂಡ ಸಂತೋಷದಿಂದ ಊರಿಗೆ ಫೋನು ಮಾಡಿ ಹೇಳಿದ. ಆ ಕಡೆಯಿಂದ ಪಂಚಾಂಗದ ಹಾಳೆ ತಿರುವುವ ಸದ್ದು ಕೇಳಿಸಿತು. "ಪಂಚಮಿ ಹೋದರ ಹೋಗ್ಲಿ. ಕಾರಹುಣ್ಣಿವಿ ಜೂನ್ ಕಡೀಕ ಬಂದೈತಿ, ಮಣ್ಣೆತ್ತಿನ ಅಮಾಸಿ ಜುಲೈ ಹದಿನಾಲ್ಕಕ್ಕ. ಎತ್ತಿನ ಹಬ್ಬದಾಗ ಮಗಾ ಸೊಸಿ ಇಬ್ರೂ ಜೋಡಿ ಇರಬೇಕಪ್ಪಾ!"