ಶ್ರೀಶೈಲ ಪಾದಯಾತ್ರೆಯ ಗಂಟುಮೂಟೆ ಮೀಮಾಂಸೆ

ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಮಿತಾಕ್ಷರವನ್ನು ಬರೆದು, ಅಪ್ಪನ ಆಸ್ತಿಯನ್ನು ಮಕ್ಕಳಿಗೆ ಹೇಗೆ ಹಂಚಬೇಕೆಂದು ಸವಿಸ್ತಾರವಾಗಿ ತಿಳಿಸಿದನು. ಆದರೆ ಅವ್ವ ಸುಟ್ಟ ಕಟಕ್ ರೊಟ್ಟಿಯನ್ನು ಚೀಲಗಳಿಗೆ ಹೇಗೆ ಹಂಚಬೇಕೆಂಬುದನ್ನು ಆ ಮಹಾನುಭಾವ ಹೇಳದೆ ಹೋದನು. ಈ ಲೋಪವನ್ನು ತುಂಬುವ ಭಾರ ಮಸರಕಲ್ಲಿನ ಕಟ್ಟೆಯ ಪಂಡಿತರ ಮೇಲೆ ಬಿದ್ದಿದೆ.

ಯುಗಾದಿ ಹತ್ತಿರ ಬಂದಂತೆ ನಮ್ಮ ಸೀಮೆಯಿಂದ ಶ್ರೀಶೈಲ ಮಲ್ಲಯ್ಯನ ಕಡೆ ನಡೆದು ಹೋಗುವವರು ಪಟ್ಟಿ ಬರೆಯಲು ಕೂಡುತ್ತಾರೆ. ಕೂತ ಕೂಡಲೇ ಎರಡು ಮತಗಳು ಹುಟ್ಟುತ್ತವೆ. ಬುತ್ತಿ, ಬಟ್ಟೆ, ಔಷಧ, ಪೂಜೆ ಎಂದು ಬಗೆಬಗೆಯಾಗಿ ಬರೆಯುವವರು ವರ್ಗವಾದಿಗಳು. ಟ್ರ್ಯಾಕ್ಟರ್ ಗೋಣಿಚೀಲ, ದೊಡ್ಡಪ್ಪನ ಹೆಗಲಚೀಲ, ಅವ್ವನ ಗಂಟು ಎಂದು ಬರೆಯುವವರು ಚೀಲವಾದಿಗಳು. ಒಂದೇ ಚೀಲ ಹಿಡಿದು ಒಬ್ಬನೇ ಹೊರಟವನಿಗೆ ಈ ಭೇದವಿಲ್ಲ. ಅವನು ಅದ್ವೈತಿ, ಅವನನ್ನು ಇಲ್ಲಿಗೆ ಬಿಡೋಣ.

ಮೊದಲು ವರ್ಗವಾದಿಗಳ ಪಕ್ಷ. ಹನ್ನೆರಡು ಮಂದಿ ಹೊರಟಿದ್ದಾರೆ, ಕಾಡಿನ ದಾರಿ ಎರಡು ದಿನ ಎಂದಿಟ್ಟುಕೊಳ್ಳಿ. ಹೊತ್ತಿಗೆ ಮೂರು ರೊಟ್ಟಿಯಂತೆ ದಿನಕ್ಕೆ ಎರಡು ಹೊತ್ತು ಎಂದರೆ ಒಬ್ಬರಿಗೆ 12, ಎಲ್ಲರಿಗೂ 144. ಈ ಲೆಕ್ಕ ಬುತ್ತಿ ಎಂಬ ತಲೆಬರಹದಡಿ ಮಾತ್ರ ಹುಟ್ಟುತ್ತದೆ. ಎಷ್ಟು ಸೇರು ಜೋಳ ಬೀಸಬೇಕು, ಶೇಂಗಾ ಪುಡಿ ಎಷ್ಟು ಕುಟ್ಟಬೇಕು ಎಂಬುದಕ್ಕೆ ಬೇರೆ ದಾರಿಯಿಲ್ಲ. ಮೊದಲೇ ಚೀಲದ ಪ್ರಕಾರ ಬರೆದರೆ ಏನಾಗುತ್ತದೆಂದು ನೋಡಬೇಕೆ? ಪ್ರತಿಯೊಬ್ಬರೂ ವಿಭೂತಿ ಗಟ್ಟಿ ಇಟ್ಟುಕೊಳ್ಳುತ್ತಾರೆ, ಕಡ್ಡಿಪೆಟ್ಟಿಗೆಯನ್ನು ಇನ್ನೊಬ್ಬರು ಇಟ್ಟಿರುತ್ತಾರೆಂದು ನಂಬುತ್ತಾರೆ. ಇಂಥ ತಂಡದ ಹಣೆಯೆಲ್ಲ ಬೆಳ್ಳಗೆ, ಒಲೆ ಮಾತ್ರ ತಣ್ಣಗೆ.

ಇಲ್ಲಿಯವರೆಗೆ ವರ್ಗವಾದಿಗಳಿಗೆ ಜಯ. ಅವರ ಸೋಲು ಕರ್ನೂಲು ದಾಟಿ, ಆತ್ಮಕೂರಿನ ಆಚೆ ವೆಂಕಟಾಪುರದಲ್ಲಿ ಕಾದಿರುತ್ತದೆ. ಅಲ್ಲಿಂದ ನಡೆಯುವವರು ನಲ್ಲಮಲ ಕಾಡು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಹಿಡಿದು ಕೈಲಾಸದ್ವಾರ ಮುಟ್ಟುತ್ತಾರೆ. ಗಾಡಿಗಳು ದೋರ್ನಾಲ ಸುತ್ತಿ ಬೇರೆ ರಸ್ತೆಯಲ್ಲಿ ಬೆಟ್ಟ ಏರುತ್ತವೆ. ಮನುಷ್ಯ ಒಂದು ಕಡೆ, ಅವನ ಸಾಮಾನು ಇನ್ನೊಂದು ಕಡೆ.

ಭೀಮನಕೊಳ್ಳದ ಇಳಿಜಾರಿಗೆ ಬಂದಾಗ ದೊಡ್ಡಪ್ಪನ ಅಂಗಾಲಲ್ಲಿ ಬೊಬ್ಬೆ ಒಡೆಯುತ್ತದೆ.

"ಪಟ್ಟಿ ಬಟ್ಟಿ ತಂದೀರೇನಪಾ?"

"ತಂದೀವಿ ದೊಡ್ಡಪ್ಪಾ. ಔಷಧದಾಗ ಬರದೀವಿ, ಗೀಟೂ ಹಾಕೀವಿ."

"ಎಲ್ಲದ?"

"ಟ್ರ್ಯಾಕ್ಟರ್‌ನಾಗದ."

ಗೀಟು ಹೇಳಿದ್ದು ಸುಳ್ಳಲ್ಲ. ವಸ್ತು ಇದೆ ಎಂದಷ್ಟೇ ಅದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಆ 144 ರೊಟ್ಟಿಗಳ ಕಥೆಯೂ ಇದೇ: ಅಷ್ಟೂ ಒಂದೇ ಗೋಣಿಚೀಲದಲ್ಲಿ ಕೂತು ದೋರ್ನಾಲದ ಗಾಳಿ ಸವಿಯುತ್ತಿದ್ದರೂ ಲೆಕ್ಕ ತಪ್ಪುವುದಿಲ್ಲ. ಕಾಡಿನ ದಾರಿಯಲ್ಲಿ ಪುಣ್ಯವಂತರ ಅನ್ನದಾಸೋಹ ಇರುವುದರಿಂದ ವರ್ಗವಾದಿಗಳ ಪ್ರಾಣ ಉಳಿದಿದೆ, ಅವರ ವಾದ ಉಳಿದಿಲ್ಲ.

ಆದ್ದರಿಂದ ಸಿದ್ಧಾಂತ ಹೀಗಿದೆ. ಮನೆಯಲ್ಲಿ, ಜೋಳ ಅಳೆಯುವ ಮೊದಲು, ವರ್ಗದ ಪ್ರಕಾರ ಬರೆಯಬೇಕು. ಹೊರಡುವ ಹಿಂದಿನ ರಾತ್ರಿ ಅದೇ ಪಟ್ಟಿಯ ಪ್ರತಿ ಸಾಲಿನ ಮುಂದೆ ಯಾವ ಚೀಲ ಎಂದು ಬರೆದು, ಚೀಲಕ್ಕೊಂದರಂತೆ ಬೇರೆ ಚೀಟಿಗಳಿಗೆ ಇಳಿಸಬೇಕು. ಸಾಲಿನ ಮುಂದೆ ಚೀಲದ ಹೆಸರಿಲ್ಲದಿದ್ದರೆ ಆ ವಸ್ತು ಇನ್ನೂ ನಡುಮನೆಯಲ್ಲೇ ಇದೆ ಎಂದರ್ಥ. ಟ್ರ್ಯಾಕ್ಟರ್ ಇಲ್ಲದ ಆ ಎರಡು ದಿನಕ್ಕೆ ಬೇಕಾದ 12 ರೊಟ್ಟಿ, ನೀರಿನ ಬಾಟಲಿ, ಬ್ಯಾಟರಿ, ಒಂದು ಹೊದಿಕೆ, ಬೊಬ್ಬೆಗೆ ಬಟ್ಟೆ ಇವು ಪ್ರತಿಯೊಬ್ಬರ ಹೆಗಲಚೀಲಕ್ಕೆ. ಕೌದಿ, ಪಾತ್ರೆ, ಉಳಿದ ಹಿಟ್ಟು ಟ್ರ್ಯಾಕ್ಟರಿಗೆ. ಹಾಗೆಂದು ಎಲ್ಲವನ್ನೂ ಹೆಗಲಿಗೆ ತುಂಬುವ ಉಗ್ರ ಚೀಲವಾದಿಗಳೂ ಇದ್ದಾರೆ. ನಾಗಲೂಟಿಯ ಮೆಟ್ಟಿಲುಗಳು ಅವರ ಮತವನ್ನು ಖಂಡಿಸುತ್ತವೆ, ನಾವು ಖಂಡಿಸಬೇಕಿಲ್ಲ.

ಮರಳುವಾಗ ವರ್ಗ ಪೂರ್ತಿ ನಿರುಪಯೋಗಿ. ರೊಟ್ಟಿ ಕರಗಿದೆ, ಅದರ ಜಾಗದಲ್ಲಿ ಪ್ರಸಾದ, ಬಳೆ, ಮಕ್ಕಳ ಪೀಪಿ ಬಂದಿವೆ. ಆಗ ಎಣಿಸಬೇಕಾದದ್ದು ಚೀಲಗಳನ್ನೇ.

ಒಂದು ತೊಡಕು ಉಳಿಯಿತು. ಭ್ರಮರಾಂಬೆಯನ್ನು ಮನೆಮಗಳೆಂದು ಬಗೆದು ಕನ್ನಡದ ಭಕ್ತರು ಸೀರೆ ಒಯ್ಯುತ್ತಾರೆ. ಅದು ಬಟ್ಟೆಯೋ, ಪೂಜೆಯೋ? ಬಟ್ಟೆಯಲ್ಲಿ ಬರೆದರೆ ಕೌದಿಯ ಕೆಳಗೆ ಮುದುಡುತ್ತದೆ. ಪೂಜೆಯಲ್ಲಿ ಬರೆದರೆ ಎಣ್ಣೆ ಬಾಟಲಿಯ ಪಕ್ಕ ಕೂಡುತ್ತದೆ. ಕಟ್ಟೆಯ ಪಂಡಿತರು ಎರಡೂ ಕಡೆ ಬರೆದರು. ಹೀಗೆ ಬರೆದರೆ ಎರಡು ಗೀಟು, ಒಂದೇ ಸೀರೆ. ಇಲ್ಲವೆ ಎರಡು ಗೀಟು, ಸೀರೆಯೇ ಇಲ್ಲ. ಈ ತಕರಾರನ್ನು ಮುಗಿಸಿದ್ದು ಊರಿನ ಒಬ್ಬ ಅಜ್ಜಿ: "ಅದು ಯಾವುದರಾಗೂ ಬ್ಯಾಡ, ನನ್ನ ಗಂಟಿನಾಗ ಇಡ್ರಿ." ಚೀಲವಾದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ನಮಗೆ ಸಿಕ್ಕಿಲ್ಲ.

ಈ ಯುಗಾದಿಗೆ ಹೊರಡುವವರಲ್ಲಿ ಒಂದು ಅರಿಕೆ: ಚೀಟಿಗಳಿಗೆ ಎರಡೆರಡು ಪ್ರತಿ ಮಾಡಿ, ಒಂದು ಕಟ್ಟನ್ನು ಟ್ರ್ಯಾಕ್ಟರ್ ಓಡಿಸುವವನ ಜೇಬಿಗೆ ಹಾಕಿ. ವೆಂಕಟಾಪುರ ಬರುವ ಮೊದಲೇ ಹಾಕಿ.